ಚಲನ್ ತುಂಬುವ ಮುಂಚೆ ಬಡ್ಡಿ ಲೆಕ್ಕ ಹಾಕಿದ ಬಗೆ: ನನ್ನ ಅನುಭವ

2023-24ರ ಆದಾಯದ ರಿಟರ್ನ್ ಸಲ್ಲಿಸಲು ಕೊನೆ ದಿನ 2024ರ ಜುಲೈ 31. ಆ ತಿಂಗಳು ಅಮ್ಮ ಆಸ್ಪತ್ರೆಯಲ್ಲಿದ್ದರು. ರಿಟರ್ನ್ ತುಂಬಲು ಸೆಪ್ಟೆಂಬರ್ ಆಗುತ್ತದೆ ಎಂದು ಗೊತ್ತಿತ್ತು. ಆದರೆ ತೆರಿಗೆಯ ಹಣವನ್ನು ಮಾತ್ರ ಜುಲೈ ಒಳಗೇ ಕಟ್ಟಿಬಿಡಬೇಕು ಎಂದು ತೀರ್ಮಾನಿಸಿದೆ. ಅದರಿಂದ ಒಂದು ಬಡ್ಡಿ ಪೂರ್ತಿ ಉಳಿಯುತ್ತದೆ.

ನನಗೆ ಸಂಬಳದ ಜೊತೆ ಅಂಗಡಿ ಬಾಡಿಗೆಯೂ ಬರುತ್ತದೆ. ಬಾಡಿಗೆಗೆ ಟಿಡಿಎಸ್ ಕಡಿತವಿಲ್ಲ. ಆ ವರ್ಷದ ಒಟ್ಟು ತೆರಿಗೆಯಲ್ಲಿ ಟಿಡಿಎಸ್ ಕಳೆದರೆ 86,450 ರೂಪಾಯಿ ಉಳಿಯುತ್ತಿತ್ತು. ಹೀಗೆ ಉಳಿಯುವುದು 10,000 ಅಥವಾ ಜಾಸ್ತಿ ಇದ್ದರೆ ಮುಂಗಡ ತೆರಿಗೆ ಕಟ್ಟಬೇಕು. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ಹಿರಿಯ ನಾಗರಿಕರಿಗೆ ಮಾತ್ರ ವಿನಾಯಿತಿ. ನಾನು ಕಟ್ಟಿದ್ದು ಮಾರ್ಚ್ 12ರಂದು 20,000, ಅಷ್ಟೇ.

ಮೊದಲು ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ ಬೀಳುವ ಬಡ್ಡಿ, ಅಂದರೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಸಿ. ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. ಇವು ಒಟ್ಟು ಸೇರಿಸಿದ ಲೆಕ್ಕ, ಪ್ರತಿ ಕಂತಿಗೆ ಬೇರೆ ಬೇರೆ ಅಲ್ಲ. ಕೊರತೆ ಎಷ್ಟಿದೆಯೋ ಅದನ್ನು ಕೆಳಗಿನ ನೂರಕ್ಕೆ ಇಳಿಸಬೇಕು. ಅದರ ಮೇಲೆ ತಿಂಗಳಿಗೆ ಶೇ 1. ಮೊದಲ ಮೂರು ಕಂತಿಗೆ ಮೂರು ಮೂರು ತಿಂಗಳು, ಕೊನೆಯದಕ್ಕೆ ಒಂದೇ ತಿಂಗಳು. ನನ್ನ ಹಾಳೆ ಹೀಗಿತ್ತು:

```
ಜೂನ್        12,900 × 3% =   387
ಸೆಪ್ಟೆಂಬರ್   38,900 × 3% = 1,167
ಡಿಸೆಂಬರ್    64,800 × 3% = 1,944
ಮಾರ್ಚ್      66,400 × 1% =   664
ಒಟ್ಟು                     4,162
```

ಇದು ಮುಗಿದುಹೋದ ಬಡ್ಡಿ. ನಾನು ಇವತ್ತು ಕಟ್ಟಿದರೂ, ಮುಂದಿನ ತಿಂಗಳು ಕಟ್ಟಿದರೂ ಅಷ್ಟೇ ಇರುತ್ತದೆ. ಬೆಳೆಯುವುದು 234ಬಿ. ಮುಂಗಡವಾಗಿ ಶೇ 90ರಷ್ಟು ಕಟ್ಟದಿದ್ದರೆ ಏಪ್ರಿಲ್ 1ರಿಂದ ಇದು ಶುರು. ನನ್ನ ಶೇ 90 ಅಂದರೆ 77,805, ಕಟ್ಟಿದ್ದು 20,000. ಹಾಗಾಗಿ ಬಾಕಿ 66,450ರ ಮೇಲೆ, ಅಂದರೆ 66,400ರ ಮೇಲೆ, ತಿಂಗಳಿಗೆ 664. ಇಲ್ಲಿ ತಿಂಗಳ ಒಂದು ದಿನವೂ ಪೂರ್ತಿ ತಿಂಗಳೇ. ಜುಲೈ 31ಕ್ಕೆ ಕಟ್ಟಿದರೆ ನಾಲ್ಕು ತಿಂಗಳು, ಆಗಸ್ಟ್ 1ಕ್ಕೆ ಕಟ್ಟಿದರೆ ಐದು. ನಾನು ಜುಲೈ 29ಕ್ಕೆ ಕಟ್ಟಿದೆ, ಬಡ್ಡಿ 2,656.

ಎರಡೂ ಸೇರಿ 6,818. ತೆರಿಗೆ ಸೇರಿಸಿ 73,268, ಹತ್ತಕ್ಕೆ ಹೊಂದಿಸಿ 73,270. ಪೋರ್ಟಲ್‌ನ e-Pay Taxನಲ್ಲಿ ಅಸೆಸ್ಮೆಂಟ್ ವರ್ಷ 2024-25 ಆಯ್ದು, Self-Assessment Tax (300) ಅಡಿಯಲ್ಲಿ ಕಟ್ಟಿದೆ. ವರ್ಷದ ಆಯ್ಕೆಯನ್ನು ಎರಡು ಸಲ ನೋಡಿಕೊಳ್ಳಿ. ತಪ್ಪಾದರೆ ಹಣ ಬೇರೆ ವರ್ಷದ ಲೆಕ್ಕಕ್ಕೆ ಹೋಗಿ ಕೂರುತ್ತದೆ.

ಬಡ್ಡಿ ಬಿಟ್ಟು ಬರೀ 66,450 ಕಟ್ಟಿದ್ದರೆ ಏನಾಗುತ್ತಿತ್ತು? ಇಲಾಖೆ ಆ ಹಣದಲ್ಲಿ ಮೊದಲು ಬಡ್ಡಿ 6,818 ಹಿಡಿದುಕೊಂಡು, ಉಳಿದ 59,632ನ್ನಷ್ಟೇ ತೆರಿಗೆಗೆ ಜಮಾ ಮಾಡುತ್ತದೆ. ಆಗ ತೆರಿಗೆಯಲ್ಲೇ 6,818 ಬಾಕಿ. ಅದಕ್ಕೆ ಮತ್ತೆ ತಿಂಗಳಿಗೆ 68 ರೂಪಾಯಿ 234ಬಿ ಓಡುತ್ತಲೇ ಇರುತ್ತದೆ. ‘ತೆರಿಗೆ ಪೂರ್ತಿ ಕಟ್ಟಿದ್ದೆ, ನೋಟಿಸ್ ಯಾಕೆ ಬಂತು’ ಎಂದು ಕೇಳುವವರಲ್ಲಿ ಬಹಳ ಜನರ ಕಥೆ ಇದೇ. ಅದಕ್ಕೇ ಲೆಕ್ಕ ಮೊದಲು, ಚಲನ್ ಆಮೇಲೆ.

ಇನ್ನು ರಿಟರ್ನ್ ತಡವಾದದ್ದಕ್ಕೆ ಬೀಳುವ 234ಎ. ಅದೂ ತಿಂಗಳಿಗೆ ಶೇ 1, ಕೊನೆ ದಿನದ ಮರುದಿನದಿಂದ ಸಲ್ಲಿಸುವ ದಿನದವರೆಗೆ. ನಾನು ಸಲ್ಲಿಸಿದ್ದು ಸೆಪ್ಟೆಂಬರ್ 18ಕ್ಕೆ. ಜುಲೈನಲ್ಲಿ ಕಟ್ಟದೇ ಇದ್ದಿದ್ದರೆ ಎರಡು ತಿಂಗಳ 1,328 ಇದಕ್ಕೆ, ಜೊತೆಗೆ 234ಬಿಗೂ ಇನ್ನೊಂದು 1,328 ಆಗುತ್ತಿತ್ತು. ಕೊನೆ ದಿನಕ್ಕೆ ಮುಂಚೆ ಕಟ್ಟಿದ ಸ್ವಯಂ ತೆರಿಗೆಯ ಮೇಲೆ 234ಎ ಹಾಕುವಂತಿಲ್ಲ. ಪ್ರಣಯ್ ರಾಯ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ನೇರ ತೆರಿಗೆ ಮಂಡಳಿಯೂ 2015ರ ಸುತ್ತೋಲೆಯಲ್ಲಿ ಒಪ್ಪಿಕೊಂಡಿದೆ. ನನ್ನ ರಿಟರ್ನ್‌ನಲ್ಲಿ ಆ ಕಾಲಂ ಸೊನ್ನೆ.

ತಡ ಶುಲ್ಕ ಮಾತ್ರ ತಪ್ಪಲಿಲ್ಲ. 234ಎಫ್ ಪ್ರಕಾರ ಆದಾಯ 5 ಲಕ್ಷ ಮೀರಿದ್ದರೆ 5,000, ಅದರೊಳಗಿದ್ದರೆ 1,000. ತೆರಿಗೆ ಮೊದಲೇ ಕಟ್ಟಿದ್ದರೂ ಅದು ಬೀಳುತ್ತದೆ. ಸಲ್ಲಿಸುವ ದಿನ ಅದನ್ನು ಬೇರೆ ಚಲನ್‌ನಲ್ಲಿ ಕಟ್ಟಿದೆ.

ಇವೆಲ್ಲ 1961ರ ಕಾಯ್ದೆಯ ಸೆಕ್ಷನ್‌ಗಳು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿರುವುದರಿಂದ ಅಲ್ಲಿಂದ ಮುಂದಿನ ವರ್ಷಗಳಿಗೆ ಸಂಖ್ಯೆಗಳು ಬೇರೆ. ಹಳೆಯ ವರ್ಷದ ಬಾಕಿ ಲೆಕ್ಕ ಹಾಕುವವರು ಇವೇ ಸಂಖ್ಯೆ ಹುಡುಕಬೇಕು.