ಹನ್ನೆರಡು ಬಾರ್ ನನ್ನ ಅಂಗೈಯಲ್ಲೇ ಇತ್ತು

"ಬೆರಳು ಎಣಿಸಿದರೆ ಕಿವಿ ಪಳಗುತ್ತಾ?" ಅಂತ ನಕ್ಕವರು ನನ್ನ ಹಾಗೆ ಗಿಟಾರ್ ಕಲಿಸುವವರೇ. ಹಾಡು ಕೇಳುತ್ತಾ ಬೆರಳಿನ ಗೆಣ್ಣು ಎಣಿಸಿ ಬ್ಲೂಸ್ ಗುರುತಿಸೋದನ್ನು ನಾನು ಕಲಿಸುತ್ತೇನೆ, ಅದಕ್ಕೇ ಆ ನಗು. ಈ ಸಲದ ಬ್ಯಾಚಿನಲ್ಲಿ ಎಂಟು ಜನ ಇದ್ದರು. ಅವರಲ್ಲಿ ಏಳು ಜನ ಗಿಟಾರ್ ಮುಟ್ಟುವ ಮೊದಲೇ ಯಾವ ಹಾಡು 12 ಬಾರ್ ಬ್ಲೂಸ್, ಯಾವುದು ಅಲ್ಲ ಅಂತ ಹೇಳತೊಡಗಿದರು. ನಾಲ್ಕು ತಟ್ಟಿಗೆ ಒಂದು ಬಾರ್, ಅಂಥ ಹನ್ನೆರಡರ ಸುತ್ತು ಮತ್ತೆ ಮತ್ತೆ ಬರೋದೇ ಇದರ ಗುಟ್ಟು. ಸ್ವಲ್ಪ ಜಂಬ ಇದ್ದರೆ ಕ್ಷಮಿಸಿ.

ಮೊದಲು ಮೂರು ವರ್ಷ ನಾನೂ ಬೋರ್ಡ್ ಮೇಲೆ ಚಾರ್ಟ್ ಬರೆದೇ ಕಲಿಸಿದ್ದೆ. ಸ್ಕೇಲಿನ ಒಂದನೇ, ನಾಲ್ಕನೇ, ಐದನೇ ಸ್ವರದ ಮೇಲೆ ಕಟ್ಟಿದ ಕಾರ್ಡುಗಳಿಗೆ ನಾವು ಒನ್, ಫೋರ್, ಫೈವ್ ಅನ್ನುತ್ತೇವೆ. ಹಾಡು ಹಾಕಿ "ಫೋರ್ ಬಂತು ನೋಡಿ" ಅಂತ ಕೂಗುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು, ಯಾರಿಗೂ ಕೇಳಿಸಿರುತ್ತಿರಲಿಲ್ಲ. ಚಾರ್ಟುಗಳಿಗೆ ಲ್ಯಾಮಿನೇಶನ್ ಮಾಡಿಸಿ ಸಾವಿರ ರೂಪಾಯಿ ಹೋಯಿತು. ಕಿವಿ ಪಳಗಿಸುವ ಆನ್‌ಲೈನ್ ಕೋರ್ಸಿಗೆ ಹತ್ತಿರ ಹತ್ತಿರ ಏಳು ಸಾವಿರ ಸುರಿದೆ. ಅಲ್ಲಿ ಬರೀ ಪಿಯಾನೋದಲ್ಲಿ ಕಾರ್ಡ್ ಬಾರಿಸಿದರೆ ಹುಡುಗರು ಸರಿಯಾಗಿ ಹೇಳುತ್ತಿದ್ದರು. ಡ್ರಮ್ಸ್, ಸ್ಯಾಕ್ಸೊಫೋನ್ ಸೇರಿದ ನಿಜವಾದ ಹಾಡಿನಲ್ಲಿ ಮಾತ್ರ ಕಂಗಾಲು. ಅವರು ಕಾರ್ಡನ್ನು ಹುಡುಕುತ್ತಿದ್ದರು, ಹಾಡಿನಲ್ಲಿ ತಾವು ಎಲ್ಲಿದ್ದೇವೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಒಂದು ದಿನ ಅಂಗಡಿ ಲೆಕ್ಕ ಹಾಕುತ್ತಾ ಹೆಬ್ಬೆರಳಿನಿಂದ ಗೆಣ್ಣು ಎಣಿಸುತ್ತಿದ್ದೆ. ನಾಲ್ಕು ಬೆರಳು, ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು. ಆದರೆ ಬ್ಲೂಸಿಗೆ ಬೆರಳಿನ ಉದ್ದಕ್ಕೆ ಎಣಿಸಬಾರದು, ಅಡ್ಡಡ್ಡ ಹೋಗಬೇಕು. ತುದಿಯ ಗೆಣ್ಣುಗಳದ್ದು ಮೊದಲ ಸಾಲು, ನಾಲ್ಕೂ ಒನ್ ಕಾರ್ಡ್. ನಡುವಿನ ಸಾಲಿನಲ್ಲಿ ಎರಡು ಫೋರ್, ಎರಡು ಒನ್. ಬುಡದ ಸಾಲಿನಲ್ಲಿ ಫೈವ್, ಫೋರ್, ಮತ್ತೆ ಎರಡು ಒನ್. ಒಂದು ಗೆಣ್ಣಿಗೆ ಕಾಲಲ್ಲಿ ನಾಲ್ಕು ತಟ್ಟು.

ಎಲ್ವಿಸ್ 1956ರಲ್ಲಿ ಹಾಡಿದ 'ಹೌಂಡ್ ಡಾಗ್' ಹಾಕಿ ನೋಡಿ. ಬಾಯಿ ತೆರೆದ ಕೂಡಲೇ ಎಣಿಸಿದರೆ ಕೆಟ್ಟಿರಿ. ಮೊದಲ ಕೆಲವು ಪದ ಮೊದಲನೇ ಬಾರ್‌ಗೆ ಮುಂಚೆಯೇ ಬರುತ್ತವೆ, 'ಹೌಂಡ್' ಅನ್ನುವಲ್ಲಿ ಮೊದಲ ಗೆಣ್ಣು. ನಾನು ಇದನ್ನು ಹೇಳದೆ ಎರಡು ಕ್ಲಾಸ್ ಹಾಳು ಮಾಡಿಕೊಂಡೆ. ಅದೇ ಸಾಲು ಎರಡನೇ ಸಲ ಬಂದು 'ಹೌಂಡ್' ಅಂದಾಗ ಹೆಬ್ಬೆರಳು ನಡುಸಾಲಿಗೆ ಇಳಿದಿರುತ್ತದೆ. ಮಾತು ಅದೇ, ಕೆಳಗಿನ ನೆಲ ಬೇರೆ. ಹೊಸಬರಿಗೆ ಫೋರ್ ಮೊದಲು ಕೇಳಿಸೋದು ಇಲ್ಲೇ. ಮೂರನೇ ಸಾಲಿನ 'ರಾಬಿಟ್' ಪದಕ್ಕೆ ಬುಡದ ಸಾಲು, ಅಲ್ಲಿ ಫೈವ್.

ಒಂದೇ ಮಾತು ಎರಡು ಸಲ, ಆಮೇಲೆ ಅದಕ್ಕೊಂದು ಉತ್ತರ. ಇದು ಬ್ಲೂಸಿನ ಹಳೇ ಚಾಳಿ. ಪ್ರತಿ ಸಾಲಿಗೂ ಗಾಯಕ ಎರಡು ಬಾರ್ ತಗೊಂಡರೆ ಮಿಕ್ಕ ಎರಡು ವಾದ್ಯದವರಿಗೆ. ಹಾಗೆ ಮೂರು ನಾಲ್ಕಲಿ ಹನ್ನೆರಡು. 'ಹೌಂಡ್ ಡಾಗ್' ಎಲ್ವಿಸ್‌ಗಿಂತ ಮೊದಲು, 1952ರಲ್ಲಿ, ಬಿಗ್ ಮಾಮಾ ಥಾರ್ನ್‌ಟನ್ ರೆಕಾರ್ಡ್ ಮಾಡಿದ ರಿದಮ್ ಆಂಡ್ ಬ್ಲೂಸ್ ಹಾಡು. ರಾಕ್‌ನವರು ಹೊಸ ಮನೆ ಕಟ್ಟಲಿಲ್ಲ, ಇದ್ದ ಮನೆಗೇ ನುಗ್ಗಿದರು.

ಅದರಲ್ಲಿ ದುಡ್ಡಿನ ಲೆಕ್ಕವೂ ಇದೆ. ರಾಕ್ ಗಾಯಕ ಚಕ್ ಬೆರ್ರಿ ಸ್ವಂತ ಬ್ಯಾಂಡಿನ ಖರ್ಚಿಲ್ಲದೆ ಒಬ್ಬರೇ ಗಿಟಾರ್ ಹಿಡಿದು ಊರೂರಿಗೆ ಹೋಗಿ, ಆಯಾ ಊರಿನ ಬ್ಯಾಂಡ್ ಜೊತೆ ರಿಹರ್ಸಲ್ ಇಲ್ಲದೆಯೇ ಬಾರಿಸುತ್ತಿದ್ದರು. ಹನ್ನೆರಡರ ಸುತ್ತು ಎಲ್ಲರಿಗೂ ಗೊತ್ತಿದ್ದರೆ ಅಂಥದ್ದು ನಡೆಯುತ್ತದೆ. ಅವರ 1958ರ 'ಜಾನಿ ಬಿ. ಗುಡ್' ಎಣಿಸಿ. ಶುರುವಿನ ಗಿಟಾರ್, ಚರಣ, ಪಲ್ಲವಿ, ನಡುವಿನ ಸೋಲೋ, ಎಲ್ಲಾ ಅದೇ ಸುತ್ತು. ನನಗೆ ಒಂಬತ್ತು ಸುತ್ತು ಸಿಕ್ಕವು. ಒಂದಕ್ಕೆ ಸುಮಾರು ಹದಿನೇಳು ಸೆಕೆಂಡ್. ಅಲ್ಲಿಗೆ ಎರಡೂವರೆ ನಿಮಿಷದ ಹಾಡು ಮುಗೀತು, ಅಲ್ವಾ? ಇದರಲ್ಲಿ ಪದ ಎರಡು ಸಲ ಬರಲ್ಲ, ಕಥೆ ಓಡುತ್ತಲೇ ಇರುತ್ತದೆ. ಹತ್ತನೇ ಬಾರ್‌ನಲ್ಲೂ ಫೋರ್‌ಗೆ ಇಳಿಯದೆ ಫೈವ್‌ನಲ್ಲೇ ನಿಲ್ಲುತ್ತಾರೆ. "ಸರ್, ತಪ್ಪು ಬಾರಿಸಿದಾರೆ" ಅಂದ ಒಬ್ಬ ಹುಡುಗ. ತಪ್ಪಲ್ಲ, ಅದೂ ಚಾಲ್ತಿಯಲ್ಲಿರುವ ರೂಪವೇ.

ಸುಮ್ನೆ ಇರಲಾರದೆ ಇನ್ನೊಂದು ಪ್ರಯೋಗ ಮಾಡಿದೆ. ಕರ್ನಾಟಕ ಸಂಗೀತ ಕಲಿತ ಹುಡುಗಿಯೊಬ್ಬಳಿಗೆ ಈ ಹಾಡಿನ ಜೊತೆ ಶ್ರುತಿ ಪೆಟ್ಟಿಗೆ ಇಡಿಸಿದೆ, ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಐದು. ಪಂಚಮ ಬಂದ್ ಮಾಡಿಸಿ ಬರೀ ಷಡ್ಜ ಇಟ್ಟೆವು. ಫೈವ್ ಬಂದಾಗಲೆಲ್ಲ "ಅಯ್ಯೋ, ಉಜ್ಜುತ್ತೆ" ಅಂದಳು. ಫೋರ್ ಮಾತ್ರ ಅವಳ ಕೈಗೆ ಸಿಗಲೇ ಇಲ್ಲ. ಆಮೇಲೆ ಹೊಳೆಯಿತು, ಫೋರ್ ಕಾರ್ಡ್ ಒಳಗೇ ಷಡ್ಜ ಇದೆ, ತಿಕ್ಕಾಟ ಎಲ್ಲಿಂದ ಬರಬೇಕು? ಅಲ್ಲಿಗೆ ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಎಂಟನೆಯವನು ಸೋತಿದ್ದು 'ರಾಕ್ ಅರೌಂಡ್ ದ ಕ್ಲಾಕ್'ನಲ್ಲಿ. ಗಂಟೆ ಎಣಿಸುವ ಶುರುವಿನ ಭಾಗದಿಂದಲೇ ಹೆಬ್ಬೆರಳು ಓಡಿಸಿದ್ದ. ಆ ಭಾಗ ಹನ್ನೆರಡಕ್ಕೆ ಸೇರಲ್ಲ, ಅದು ಮುಗಿದು ಚರಣ ಶುರುವಾದ ಮೇಲೆ ಸುತ್ತು ಕೂರುತ್ತದೆ. ನಡುವೆ ಎಲ್ಲೋ ಕಿವಿಗೆ ಬಿದ್ದ ಹಾಡಿನಲ್ಲಿ ಎಷ್ಟನೇ ಗೆಣ್ಣಲ್ಲಿದ್ದೇವೆ ಅಂತ ಹಿಡಿಯೋದಕ್ಕೂ ಒಂದು ಉಪಾಯ ಇದೆ. ಅದನ್ನು ಫೀಸ್ ಕೊಟ್ಟವರಿಗೆ ಮಾತ್ರ ಹೇಳುತ್ತೇನೆ, ಆ ಏಳು ಸಾವಿರ ಇನ್ನೂ ವಾಪಸ್ ಬಂದಿಲ್ಲ.