ಸೇಲ್ ದಿನ ಸೈಟ್ ನಿಂತಾಗ ದುಡ್ಡು ಎಲ್ಲಿ ಹೋಯ್ತು?

ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಗಲ್ಲಾ ಅಪ್ಪ ನೋಡುತ್ತಾರೆ, ಆನ್‌ಲೈನ್ ವ್ಯಾಪಾರ ನನ್ನದು. ಸೈಟ್ ಇರೋದು ವರ್ಡ್‌ಪ್ರೆಸ್ ಮತ್ತು ಅದರಲ್ಲಿ ಅಂಗಡಿ ನಡೆಸಲು ಸೇರಿಸುವ ವೂಕಾಮರ್ಸ್ ಮೇಲೆ, 2 ಜಿಬಿ ಮೆಮೊರಿಯ ಸಣ್ಣ ಸರ್ವರ್‌ನಲ್ಲಿ. ಕೈಮಗ್ಗದ ಸೀರೆಗಳು ಹೆಚ್ಚಾಗಿ ಒಂದೊಂದೇ ಪೀಸ್ ಇರುತ್ತವೆ. ಒಂದು ಮಾರಿದರೆ ಅಂಥದ್ದೇ ಇನ್ನೊಂದು ತಕ್ಷಣ ಸಿಗೋದಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸೇಲ್ ಶುರು ಅಂತ ಬೆಳಿಗ್ಗೆ ಹತ್ತಕ್ಕೆ ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ ಒಟ್ಟಿಗೆ ಲಿಂಕ್ ಹೋಯಿತು. ಸ್ವಲ್ಪ ಹೊತ್ತಿಗೇ ಸೈಟ್ ತೆರೆದರೆ `504 Gateway Time-out`. ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬರ ಫೋನ್. "ಏನಮ್ಮಾ, ದುಡ್ಡು ಕಟ್ ಆಗಿದೆ, ಆರ್ಡರ್ ಎಲ್ಲೂ ಕಾಣ್ತಿಲ್ಲ?"

ಸೈಟ್ ನೋಡಿಕೊಳ್ಳುವ ಹುಡುಗ, ಸರ್ವರ್‌ನಲ್ಲಿ ಪುಟಗಳನ್ನು ತಯಾರಿಸುವ ಪಿಎಚ್‌ಪಿಯ ಲಾಗ್ ತೆರೆದು ತೋರಿಸಿದ:

```
WARNING: [pool www] server reached pm.max_children setting (5), consider raising it
```

ಸೀರೆಯ ಪುಟ, ಫೋಟೋಗಳನ್ನೆಲ್ಲ ಮೊದಲೇ ತಯಾರಿಸಿ ಇಟ್ಟ ಪ್ರತಿಯಿಂದಲೇ ಕೊಡಬಹುದು, ಅದಕ್ಕೆ ಸರ್ವರ್ ಜಾಸ್ತಿ ದುಡಿಯಬೇಕಿಲ್ಲ. ಕಾರ್ಟ್ ಮತ್ತು ಚೆಕ್‌ಔಟ್ ಹಾಗಲ್ಲ. ಒಬ್ಬೊಬ್ಬರ ಕಾರ್ಟ್ ಬೇರೆ ಬೇರೆ, ಹಾಗಾಗಿ ಪ್ರತಿ ಸಲವೂ ಪಿಎಚ್‌ಪಿಯೇ ಕೆಲಸ ಮಾಡಬೇಕು. ನಮ್ಮ ಸರ್ವರ್‌ನಲ್ಲಿ ಏಕಕಾಲಕ್ಕೆ ಐದು ಪಿಎಚ್‌ಪಿ ಪ್ರಕ್ರಿಯೆಗಳಿಗೆ ಮಾತ್ರ ಅವಕಾಶವಿತ್ತು. ಉಳಿದವರು ಸಾಲಿನಲ್ಲಿ ನಿಂತರು. ಪುಟ ಬರಲಿಲ್ಲ ಅಂತ ಎಲ್ಲರೂ ರಿಫ್ರೆಶ್ ಒತ್ತಿದಾಗ ಸಾಲು ಇನ್ನೂ ಬೆಳೆಯಿತು.

ಆ ಸಂಖ್ಯೆಯನ್ನು ಐವತ್ತು ಮಾಡಿದರಾಯ್ತು ಅನ್ನಿಸಬಹುದು, ಆದರೆ ಮೆಮೊರಿ ಸಾಲದೆ ಡೇಟಾಬೇಸೇ ಬಿದ್ದುಹೋಗುತ್ತದೆ. ನಮ್ಮಲ್ಲಿ ಒಂದೊಂದು ಪ್ರಕ್ರಿಯೆ ಸುಮಾರು 80 ಎಂಬಿ ತಿನ್ನುತ್ತಿತ್ತು. ಡೇಟಾಬೇಸ್ ಮತ್ತು ಉಳಿದದ್ದಕ್ಕೆ 800 ಎಂಬಿ ಬಿಟ್ಟರೆ ಮಿಕ್ಕಿದ್ದು 1200ರ ಆಸುಪಾಸು, ಅಂದರೆ ಹದಿನೈದು ಪ್ರಕ್ರಿಯೆ. ಸ್ವಲ್ಪ ಉಸಿರಾಡಲು ಜಾಗ ಇರಲಿ ಅಂತ ಹನ್ನೆರಡಕ್ಕೆ ನಿಲ್ಲಿಸಿದೆವು. ಸೈಟ್ ಎದ್ದಿತು.

ನನಗೆ ಸೈಟ್‌ಗಿಂತ ದುಡ್ಡಿನದೇ ಚಿಂತೆ. ಗಿರಾಕಿ ಯುಪಿಐನಲ್ಲಿ ಹಣ ಕಟ್ಟುವುದು ನಮ್ಮ ಸೈಟ್‌ನಲ್ಲಲ್ಲ, ಪೇಮೆಂಟ್ ಗೇಟ್‌ವೇಯಲ್ಲಿ. "ಹಣ ಬಂತು" ಎಂದು ಗೇಟ್‌ವೇ ನಮ್ಮ ಸೈಟ್‌ಗೆ ಒಂದು ಸಂದೇಶ ಕಳಿಸುತ್ತದೆ, ಅದೇ ವೆಬ್‌ಹುಕ್. ನಮ್ಮ ಸೈಟ್ ಮಲಗಿದ್ದರಿಂದ ಆ ಸಂದೇಶ ತಗೊಳ್ಳುವವರೇ ಇರಲಿಲ್ಲ. ಹಣ ಬಂದಿದ್ದರೂ ಆರ್ಡರ್ `Pending payment` ಅಂತಲೇ ಉಳಿಯಿತು. ಗೇಟ್‌ವೇ ಮತ್ತೆ ಕಳಿಸುತ್ತದೆ ನಿಜ, ಆದರೆ ತಡವಾಗಿ. ವೂಕಾಮರ್ಸ್‌ನಲ್ಲಿ `Hold stock` ಎಂಬ ಸೆಟ್ಟಿಂಗ್ ಇದೆ, ಮೊದಲಿಂದಲೇ 60 ನಿಮಿಷ ಇಟ್ಟಿರುತ್ತಾರೆ. ಅಷ್ಟರಲ್ಲಿ ಹಣ ಬಂದದ್ದು ಗೊತ್ತಾಗದಿದ್ದರೆ ಆರ್ಡರ್ ತಾನಾಗಿ ರದ್ದಾಗಿ, ಸೀರೆ ಮತ್ತೆ ಮಾರಾಟಕ್ಕೆ ಬರುತ್ತದೆ.

ನಮ್ಮಲ್ಲಿ ಹಾಗೇ ಆಯಿತು. ತೋಪು ತೆನೆ ಸೆರಗಿನ ಒಂದು ಕೆಂಪು ಸೀರೆಗೆ ಇಬ್ಬರು ಹಣ ಕಟ್ಟಿದ್ದರು. ಮೊದಲನೆಯವರ ಆರ್ಡರ್ ರದ್ದಾಗಿ, ಆಮೇಲೆ ಬಂದವರಿಗೆ ಸೀರೆ ಸಿಕ್ಕಿತ್ತು.

ಮೊದಲು ಗ್ರೂಪುಗಳಿಗೆ ಒಂದೇ ಸಾಲು ಹಾಕಿದೆ: "ಹಣ ಕಟ್ ಆಗಿದ್ದರೆ ದಯವಿಟ್ಟು ಮತ್ತೆ ಕಟ್ಟಬೇಡಿ, ನಾನೇ ಫೋನ್ ಮಾಡ್ತೀನಿ." ಇಷ್ಟು ಹೇಳಿದ್ದರಿಂದ ಎರಡೆರಡು ಸಲ ಕಟ್ಟುವುದು ನಿಂತಿತು. ಆಮೇಲೆ ಗೇಟ್‌ವೇ ಡ್ಯಾಶ್‌ಬೋರ್ಡಿನ ಪಟ್ಟಿ ಒಂದು ಕಡೆ, ನಮ್ಮ `Pending payment` ಮತ್ತು `Cancelled` ಆರ್ಡರ್‌ಗಳು ಇನ್ನೊಂದು ಕಡೆ ಇಟ್ಟುಕೊಂಡು, ಆರ್ಡರ್ ನಂಬರ್ ಮತ್ತು ಮೊತ್ತ ತಾಳೆ ಹಾಕಿದೆವು. ಗಿರಾಕಿಗಳು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಯಾವುದನ್ನೂ ತೀರ್ಮಾನಿಸಲಿಲ್ಲ. ಅದರಲ್ಲಿರುವ, ಪ್ರತಿ ಪಾವತಿಗೂ ಬೇರೆಯಾಗಿರುವ 12 ಅಂಕಿಯ ಯುಟಿಆರ್ ನಂಬರ್ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕರೆ ಮಾತ್ರ ಹಣ ಬಂದಿದೆ ಅಂತ ಲೆಕ್ಕ.

ಕೆಂಪು ಸೀರೆ ಮೊದಲು ಹಣ ಕಟ್ಟಿದವರಿಗೇ ಹೋಯಿತು. ಎರಡನೆಯವರಿಗೆ ನಾನೇ ಫೋನ್ ಮಾಡಿ, "ಅಕ್ಕಾ, ಹಿಂಗಾಗಿದೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಿಕ್ಕಿ ಪರಾಸ್ ಅಂಚಿನ ಎರಡು ಸೀರೆ ವಿಡಿಯೋದಲ್ಲಿ ತೋರಿಸಿದೆ, ಒಂದನ್ನು ತಗೊಂಡರು.

ಗೌರಿ ಹಬ್ಬಕ್ಕೆ ಲಿಂಕ್ ಒಟ್ಟಿಗೆ ಕಳಿಸಲಿಲ್ಲ. ಗ್ರೂಪುಗಳನ್ನು ಭಾಗ ಮಾಡಿ, ಅರ್ಧ ಗಂಟೆ ಬಿಟ್ಟು ಬಿಟ್ಟು ಕಳಿಸಿದೆ. ಸೈಟ್ ನಿಲ್ಲಿಸಲೇಬೇಕಾದರೆ ತೋರಿಸೋಕೆ, ಪಿಎಚ್‌ಪಿ ಮುಟ್ಟದ ಒಂದು ಸಾದಾ ಪುಟವೂ ತಯಾರಿದೆ. ಆದರೆ ಆ ಪುಟ ಹಾಕುವಾಗ ವೆಬ್‌ಹುಕ್ ಬರುವ ವಿಳಾಸವನ್ನು ತೆರೆದೇ ಇಡಬೇಕು, ಇಲ್ಲದಿದ್ದರೆ ದುಡ್ಡಿನ ಸುದ್ದಿ ಮತ್ತೆ ಹೊರಗೇ ನಿಲ್ಲುತ್ತದೆ. `Hold stock` ಖಾಲಿ ಬಿಟ್ಟರೆ ಆರ್ಡರ್ ತಾನಾಗಿ ರದ್ದಾಗುವುದಿಲ್ಲ. ಆದರೆ ಆಗ ಹಣ ಬರುವ ತನಕ ಸೀರೆಯನ್ನು ಯಾರಿಗೂ ಹಿಡಿದಿಡುವುದಿಲ್ಲ, ಒಂದೇ ಪೀಸ್‌ಗೆ ಮತ್ತೆ ಇಬ್ಬರು ಹಣ ಕಟ್ಟಬಹುದು ಅಲ್ವಾ? ಅದಕ್ಕೇ ಸೇಲ್ ದಿನ ಮಾತ್ರ ಅದರ ನಿಮಿಷಗಳನ್ನು ಹೆಚ್ಚಿಸಿ, ಯಾರೋ ಸುಮ್ನೆ ಅರ್ಧಕ್ಕೆ ಬಿಟ್ಟ ಪೆಂಡಿಂಗ್ ಆರ್ಡರ್‌ಗಳನ್ನು ಗೇಟ್‌ವೇ ಪಟ್ಟಿಯ ಜೊತೆ ತಾಳೆ ನೋಡಿ ನಾನೇ ಕೈಯಾರೆ ರದ್ದು ಮಾಡುತ್ತೇನೆ. ಮರುದಿನ ಬೆಳಿಗ್ಗೆ ಮತ್ತೆ 60 ನಿಮಿಷಕ್ಕೆ ಹಾಕುತ್ತೇನೆ.