ಮೂವತ್ತು ಇಂಚಿನ ‘ತಪ್ಪು’: ಕೊಡಗಿನ ಮಳೆ ಲೆಕ್ಕಕ್ಕೆ ಎಸ್‌ವಿಡಿ ಹಾಕಿದ ಅನುಭವ

36 ಕಾಫಿ ತೋಟಗಳ ಸುಮಾರು 20 ವರ್ಷದ ದಿನವಹಿ ಮಳೆ. ಸಾಲಿಗೊಂದು ತೋಟ, ಕಂಬಕ್ಕೊಂದು ದಿನ, ಅಂದಾಜು 36 × 7300ರ ಮ್ಯಾಟ್ರಿಕ್ಸ್ `A`, ಅಳತೆ ಇಂಚಿನಲ್ಲಿ. ಎಸ್‌ವಿಡಿ ಎಂದರೆ ಇಂಥ ಮ್ಯಾಟ್ರಿಕ್ಸನ್ನು ದೊಡ್ಡದರಿಂದ ಚಿಕ್ಕದಕ್ಕೆ ಕೆಲವು ದಿಕ್ಕುಗಳಾಗಿ ಬಿಡಿಸುವ ಲೆಕ್ಕ, ಅವುಗಳಲ್ಲಿ ಎಷ್ಟನ್ನು ಇಟ್ಟುಕೊಂಡೆವೋ ಅದೇ ರ್‍ಯಾಂಕ್. ರ್‍ಯಾಂಕ್ 6ಕ್ಕೆ ಕತ್ತರಿಸಿದರೆ 2.6 ಲಕ್ಷ ಅಂಕಿಗಳ ಬದಲು 44 ಸಾವಿರ ಇಟ್ಟುಕೊಂಡರೆ ಸಾಕು.

ಮೊದಲ ಅಡ್ಡಿ ದುಡ್ಡಿನದು. `full_matrices` ಹಾಗೇ ಬಿಟ್ಟರೆ ನಮ್‌ಪೈ 7300 × 7300ರ ಪೂರ್ತಿ `Vt` ಕಟ್ಟುತ್ತದೆ, ಅದೊಂದಕ್ಕೇ 420 ಎಂಬಿ ಮೇಲೆ. ಹಳೇ ಲ್ಯಾಪ್‌ಟಾಪ್ ಏದುಸಿರು ಬಿಟ್ಟಾಗ ತಿಂಗಳಿಗೆ ಎರಡು ಸಾವಿರ ಕೊಟ್ಟು ಸರ್ವರ್ ಬಾಡಿಗೆಗೆ ತಗೊಳ್ಳಿ ಅಂದವರಿದ್ದರು. ಒಂದು `False` ಆ ಖರ್ಚನ್ನು ಉಳಿಸಿತು.

```python
k = 6
U, s, Vt = np.linalg.svd(A, full_matrices=False)
Ak = (U[:, :k] * s[:k]) @ Vt[:k]
print(s[k], np.linalg.norm(A - Ak, 2))
```

ಕೊನೆಯ ಸಾಲಿನ ಎರಡೂ ಅಂಕಿ ಒಂದೇ ಬರಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ `s[k]` ಅಂದರೆ ಬಿಟ್ಟ ಸಿಂಗ್ಯುಲರ್ ವ್ಯಾಲ್ಯೂಗಳಲ್ಲಿ, ಅಂದರೆ ಬಿಟ್ಟ ದಿಕ್ಕುಗಳ ಅಳತೆಗಳಲ್ಲಿ, ಮೊದಲನೆಯದು. ನಮ್ಮಲ್ಲಿ ಅದು 30ರ ಆಸುಪಾಸು. ‘ಮೂವತ್ತು ಇಂಚು ತಪ್ಪೇ? ಎಸೆಯಿರಿ’ ಎಂಬ ಮಾತು ಬಂದದ್ದು ಇಲ್ಲೇ.

ಆ 30 ಒಂದು ದಿನದ ತಪ್ಪಲ್ಲ. ಇಡೀ ಮ್ಯಾಟ್ರಿಕ್ಸ್‌ನ ಉಳಿಕೆ ಅತಿ ಹೆಚ್ಚು ಸೇರಿಕೊಂಡಿರುವ ಒಂದು ದಿಕ್ಕಿನ ಅಳತೆ. ಯಾವ ಕೋಶದ ತಪ್ಪೂ ಅದನ್ನು ಮೀರದು ಎಂಬುದು ನಿಜ, ಆದರೆ ಅಷ್ಟು ಸಡಿಲ ಮಿತಿಯಿಂದ ಉಪಯೋಗವಿಲ್ಲ. ದಿನದ ತಪ್ಪು ಬೇಕಾದರೆ 36ರಲ್ಲಿ 6 ಇಟ್ಟುಕೊಂಡು ಬಿಟ್ಟ 30 ಸಿಂಗ್ಯುಲರ್ ವ್ಯಾಲ್ಯೂಗಳ ವರ್ಗ ಕೂಡಿಸಿ, ಒಟ್ಟು ಕೋಶಗಳಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ನಮಗೆ ಬಂದದ್ದು ಸುಮಾರು 22 ಸೆಂಟ್, ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು. ಅಲ್ಲಿಗೆ ಬಾಯಿ ಮುಚ್ಚಿತು.

ಹಾಗಂತ ಆ 30 ದಂಡವಲ್ಲ. ಮೊದಲು ಅದು 38 ಇತ್ತು. `U[:, 6]` ನೋಡಿದರೆ ಒಂದೇ ತೋಟದ ತೂಕ 0.9, ಉಳಿದವು ಸೊನ್ನೆಯ ಹತ್ತಿರ. ಹಲವು ತೋಟ ಹಂಚಿಕೊಳ್ಳದೆ ಒಂದೇ ತೋಟ ಒಂದು ದಿಕ್ಕನ್ನೇ ಹಿಡಿದಿದ್ದರೆ ಅದು ಮಳೆಯ ಗುಣವಲ್ಲ, ಪುಸ್ತಕದ ಗುಣ. ಎಲ್ಲರೂ ಬೆಳಗ್ಗೆ ಅಳೆದದ್ದನ್ನು ಅಳೆದ ದಿನಕ್ಕೇ ಬರೆದರೆ, ಆ ತೋಟದಲ್ಲಿ ಹಿಂದಿನ ದಿನಕ್ಕೆ ಬರೆಯುತ್ತಿದ್ದರು. ಸಾಲನ್ನು ಒಂದು ದಿನ ಮುಂದೆ ಸರಿಸಿದ್ದೇ 38 ಇಳಿದು 30 ಆಯಿತು. ಖಾಲಿ ಬಿಟ್ಟ ದಿನಗಳನ್ನು ಸೊನ್ನೆ ಎಂದು ತುಂಬಿದರೂ ಇಂಥದೇ ಸುಳ್ಳು ದಿಕ್ಕು ಹುಟ್ಟುತ್ತದೆ. ಅವನ್ನು ನಾವು ಹೇಗೆ ತುಂಬುತ್ತೇವೆ ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ನಡುವೆ ಮಳೆಯ ವರ್ಗಮೂಲ ತೆಗೆದು ಎಸ್‌ವಿಡಿ ಹಾಕಿಯೂ ನೋಡಿದ್ದಾಯಿತು. ರ್‍ಯಾಂಕ್ 4ಕ್ಕೇ ಚೆನ್ನಾಗಿ ಕೂತಿತು. ಆದರೆ ಆಗ `s[k]` ಹೇಳುವುದು ವರ್ಗಮೂಲದ ತಪ್ಪನ್ನು. ವಾಪಸ್ ಇಂಚಿಗೆ ತಂದಾಗ ಜುಲೈನ ಜಡಿಮಳೆಯಲ್ಲಿ ತಪ್ಪು ಹಿಗ್ಗಿತು, ಕೈಬಿಟ್ಟೆವು.

ಈ ವಿಧಾನ ಸೋಲುವ ಜಾಗ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ. ಮೊದಲ ದಿಕ್ಕು ಇಡೀ ಜಿಲ್ಲೆಯ ಮುಂಗಾರಿನದು, ಎರಡನೆಯದು ಭಾಗಮಂಡಲ ಕಡೆಗೂ ಕುಶಾಲನಗರ ಕಡೆಗೂ ಇರುವ ವ್ಯತ್ಯಾಸದ್ದು. ಮಾರ್ಚ್‌ನಲ್ಲಿ ಒಂದೇ ತೋಟಕ್ಕೆ ಬಿದ್ದ 80 ಸೆಂಟ್ ಇವುಗಳ ಮುಂದೆ ಲೆಕ್ಕಕ್ಕೇ ಬರುವುದಿಲ್ಲ, ಕತ್ತರಿಸಿದ ಭಾಗದಲ್ಲಿ ಹೋಗಿಬಿಡುತ್ತದೆ. ಕಾಫಿಯವನಿಗೆ ಬೇಕಾದದ್ದೇ ಆ 80 ಸೆಂಟ್. ಅದಕ್ಕೇ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಂಬಗಳನ್ನು ಈಗ ಕತ್ತರಿಸದೆ, ಇದ್ದಂತೆಯೇ ಬೇರೆ ಫೈಲಿನಲ್ಲಿ ಇಡುತ್ತೇವೆ.